ಒಂದೇ ಏಸ್ ಗಾಡಿ, ಒಂದೇ ಬಾಡಿಗೆ, ಆದ್ರೆ ಪೇಪರ್‌ಗೆ ಕೆಜಿಗೆ 3 ರೂಪಾಯಿ ಬಾಟ್ಲಿಗೆ 17: ಗುಜರಿ ರೇಟ್ ಕಟ್ಟೋದು ಹೇಗೆ?

ಪ್ರಶ್ನೆ: ನಮಸ್ಕಾರ ಸಾರ್, ನಾನೂ ನಮ್ಮೆಜಮಾನ್ರೂ ಸೇರಿ ಮಂಡ್ಯದಲ್ಲಿ ಚಿಕ್ಕ ಗುಜರಿ ಅಂಗಡಿ ನಡೆಸ್ತಿದ್ದೀವಿ. ಮೈಸೂರಿನ ಗೋಡೌನ್‌ನವರು ನ್ಯೂಸ್ ಪೇಪರ್‌ಗೆ 17, ರಟ್ಟಿಗೆ 11, ಕಬ್ಬಿಣಕ್ಕೆ 30, ನೀರಿನ ಬಾಟ್ಲಿಗೆ 26 ಕೊಡ್ತಾರೆ. ನಾವು 13, 8, 25, 20ಕ್ಕೆ ತಗೋತೀವಿ. ಏಸ್ ಗಾಡಿ ಬಾಡಿಗೆ ಟೋಲ್ ಸೇರಿ 1800, ಲೋಡಿಂಗ್ ಅನ್‌ಲೋಡಿಂಗ್‌ಗೆ 400. ಕೆಜಿಗೆ 3 ರೂಪಾಯಿ ಸಾಗಣೆ ಅಂತ ಹಿಡಿದ್ರೂ ಎಲ್ಲದ್ರಲ್ಲೂ ಸ್ವಲ್ಪ ಲಾಭ ಇರ್ಬೇಕಿತ್ತು, ರಟ್ಟು ಮಾತ್ರ ಸಮ ಆಗ್ಬೇಕಿತ್ತು. ಆದ್ರೆ ತಿಂಗಳ ಕೊನೆಗೆ ಕೈಲಿ ಕಾಸಿರಲ್ಲ. ಪಕ್ಕದ ರಸ್ತೆಯವ್ರು ಪೇಪರ್‌ಗೆ 15 ಕೊಡ್ತಾರೆ, ನಾವೂ ಏರಿಸ್ಬೇಕಾ? ಎಲ್ಲಿ ತಪ್ಪಾಗ್ತಿದೆ ಹೇಳಿ.

ಉತ್ತರ:

ನಿಮ್ಮ ಲೆಕ್ಕದಲ್ಲಿ ಎಡವಟ್ಟಾಗಿರೋದು ಆ "ಕೆಜಿಗೆ 3 ರೂಪಾಯಿ" ಅನ್ನೋ ಜಾಗದಲ್ಲೇ. ಗಾಡಿಯವ್ರು ನಿಮ್ಮ ಹತ್ರ ಕೆಜಿ ಲೆಕ್ಕದಲ್ಲಿ ದುಡ್ಡು ತಗೊಳ್ಳಲ್ಲ, ಟ್ರಿಪ್ ಲೆಕ್ಕದಲ್ಲಿ ತಗೋತಾರೆ. ಒಳಗೆ ಏನೇ ತುಂಬಿರಿ 2200 ಕೊಡ್ಲೇಬೇಕು. ಹಾಗಿದ್ಮೇಲೆ ಕೆಜಿಗೆ ಎಷ್ಟು ಬೀಳುತ್ತೆ ಅನ್ನೋದು ಆ ಗಾಡಿಯಲ್ಲಿ ಆ ಮಾಲು ನಿಜವಾಗಿ ಎಷ್ಟು ಕೆಜಿ ಹಿಡಿಯುತ್ತೆ ಅನ್ನೋದ್ರ ಮೇಲೆ ನಿಂತಿರುತ್ತೆ, ಅದು ಒಂದೊಂದು ಮಾಲಿಗೆ ಒಂದೊಂದು ಥರ. ನಾನು ಗೋಡೌನ್ ಕಡೆ ಕೂತು ಸಣ್ಣ ಅಂಗಡಿಯವ್ರ ಮಾಲು ಇಳಿಸ್ಕೊಂಡವನು, ಬಾಟ್ಲಿ ಚೀಲ ತುಂಬ್ಕೊಂಡು ದೂರದಿಂದ ಬಂದವ್ರ ತೂಕದ ಚೀಟಿ ನೋಡಿದ್ರೆ ನಮಗೇ ಹೊಟ್ಟೆ ಚುರುಕ್ ಅನ್ನೋದು, ಗಾಡಿ ನೋಡಿದ್ರೆ ಗುಡ್ಡದ ಹಂಗೆ, ಕಾಟಾ ಮೇಲೆ ನೂರಿಪ್ಪತ್ತು ನೂರಮೂವತ್ತು ಕೆಜಿ.

ಏಸ್ ಗಾಡಿ ಹೊರೋ ತೂಕ ಸುಮಾರು 700 ಕೆಜಿ ಅಂತ ಇಟ್ಕೊಳಿ. ಕಟ್ಟು ಕಟ್ಟಿದ ನ್ಯೂಸ್ ಪೇಪರ್ ಹಾಕಿದ್ರೆ ಜಾಗ ಇನ್ನೂ ಇರುವಾಗ್ಲೇ ತೂಕ ಮುಗಿಯುತ್ತೆ, ಕಬ್ಬಿಣನೂ ಅಷ್ಟೇ. ಇವೆರಡಕ್ಕೂ 2200 ಭಾಗಿಸು 700, ಅಂದ್ರೆ ಕೆಜಿಗೆ 3 ರೂಪಾಯಿ 14 ಪೈಸೆ. ನೀವು ಹಿಡಿದ 3 ರೂಪಾಯಿ ಇವಕ್ಕೆ ಹೆಚ್ಚುಕಮ್ಮಿ ಸರಿಯಾಗೇ ಇದೆ. ಆದ್ರೆ ರಟ್ಟಿನ ಬಾಕ್ಸ್ ಬಿಚ್ಚಿ ಮಟ್ಟ ಮಾಡಿ ಹಗ್ಗ ಬಿಗಿದ್ರೂ ಅದೇ ಗಾಡಿಯಲ್ಲಿ 350 ಕೆಜಿ ಸುತ್ತಮುತ್ತನೇ ಹಿಡಿಯೋದು, ಆಗ ಕೆಜಿಗೆ 6.29. ಇನ್ನು ಬಾಟ್ಲಿ, ತುಳಿಯದೆ ಹಂಗೇ ಚೀಲಕ್ಕೆ ತುಂಬಿದ್ರೆ 130 ಕೆಜಿ, ಆಗ ಕೆಜಿಗೆ ಹತ್ರ ಹತ್ರ 17 ರೂಪಾಯಿ ಬರೀ ಸಾಗಣೆ. ಅಲ್ಲಿ ನೀವು ಸಾಗಿಸ್ತಿರೋದು ಪ್ಲಾಸ್ಟಿಕ್ ಅಲ್ಲ, ಗಾಳಿ.

ಈಗ ತಿಂಗಳಿಗೆ ನಾಲ್ಕು ಟ್ರಿಪ್, ಒಂದೊಂದ್ರಲ್ಲೂ ಒಂದೇ ಮಾಲು ಅಂತ ಇಟ್ಕೊಂಡು ನೀವು ಕೊಟ್ಟಿರೋ ರೇಟಲ್ಲೇ ಲೆಕ್ಕ ಹಾಕೋಣ, ಪೆನ್ನು ತಗೊಂಡು ಜೊತೆಗೇ ಬರ್ಕೊಳಿ. ಪೇಪರ್ 700 ಕೆಜಿ ಮಾರಿದ್ರೆ 11900 ಬರುತ್ತೆ, ಕೊಂಡಿದ್ದು 9100, ಗಾಡಿ 2200, ಉಳಿದಿದ್ದು 600. ಕಬ್ಬಿಣ 700 ಕೆಜಿಗೆ 21000 ಬರುತ್ತೆ, ಕೊಂಡಿದ್ದು 17500, ಗಾಡಿ ಕಳೆದ್ರೆ 1300 ಉಳೀತು. ಇಲ್ಲಿವರೆಗೆ ಸರಿ. ರಟ್ಟು 350 ಕೆಜಿಗೆ ಬರೋದು 3850, ಕೊಂಡಿದ್ದು 2800, ಗಾಡಿ 2200, ಅಂದ್ರೆ 1150 ಲಾಸ್. ಬಾಟ್ಲಿ 130 ಕೆಜಿಗೆ ಬರೋದು 3380, ಕೊಂಡಿದ್ದು 2600, ಗಾಡಿ 2200, ಅಲ್ಲಿ 1420 ಲಾಸ್. ನಾಲ್ಕೂ ಕೂಡಿಸಿ ಕಳೀರಿ, ಅಂಗಡಿ ಬಾಡಿಗೆ ಕರೆಂಟು ನಿಮ್ಮಿಬ್ಬರ ಕೂಲಿ ಏನೂ ಹಿಡಿಯದೇನೇ 670 ರೂಪಾಯಿ ಕೈಯಿಂದ ಹೋಗಿದೆ. ಪೇಪರ್ರು ಕಬ್ಬಿಣ ದುಡಿದಿದ್ದನ್ನ ರಟ್ಟು ಬಾಟ್ಲಿ ತಿಂದು ಹಾಕ್ತಿವೆ. ಎಲ್ಲಾ ದುಡ್ಡನ್ನೂ ಒಂದೇ ಗಲ್ಲಾಪೆಟ್ಟಿಗೆಗೆ ಹಾಕ್ತೀವಲ್ಲ, ಅದಕ್ಕೇ ಇದು ಕಣ್ಣಿಗೆ ಬೀಳಲ್ಲ.

ಬಾಟ್ಲಿಗೆ ಕೆಜಿ ಮೇಲೆ 6 ರೂಪಾಯಿ ಗ್ಯಾಪ್ ಇದೆ, ಪೇಪರ್‌ಗೆ 4 ಅಷ್ಟೇ, ಹಂಗಾಗಿ ಬಾಟ್ಲಿನೇ ಲಾಭ ಅಂತ ತುಂಬಾ ಜನ ನಂಬಿದ್ದಾರೆ. ನಿಮ್ಮದೇ ಲೆಕ್ಕ ನೋಡಿದ್ರಲ್ಲ, ಗ್ಯಾಪ್ ನೋಡಿ ಮೋಸ ಹೋಗೋದು ಇಲ್ಲೇ.

ಈಗ ಪಕ್ಕದ ರಸ್ತೆಯ 15 ರೂಪಾಯಿ ವಿಷಯ. 15 ಕೊಟ್ಟು ಏಸ್‌ನಲ್ಲಿ ಮೈಸೂರಿಗೆ ಸಾಗಿಸಿದ್ರೆ ಅಲ್ಲಿಗೆ ಅಸಲೇ 18.14 ಆಗುತ್ತೆ, ಮಾರೋದು 17ಕ್ಕೆ. ಅಂದ್ರೆ ಆ ರೇಟಿಗೆ ಆ ದಾರಿಯಲ್ಲಿ ಗಿಟ್ಟೋ ಮಾತೇ ಇಲ್ಲ. ಒಂದೋ ಅವ್ರಿಗೆ ಬೇರೆ ದಾರಿ ಇರಬೇಕು, ದೊಡ್ಡ ಗಾಡಿಯಲ್ಲಿ ಎರಡು ಟನ್ ಒಟ್ಟಿಗೆ ಹಾಕ್ತಿರಬಹುದು, ಇಲ್ಲಾ ಅಂಗಡಿಗಳಿಗೆ ಸಾಮಾನು ತಂದು ಖಾಲಿ ವಾಪಸ್ ಹೋಗೋ ಗಾಡಿ ಕಮ್ಮಿ ಬಾಡಿಗೆಗೆ ಸಿಗ್ತಿರಬಹುದು. ಇಲ್ಲಾಂದ್ರೆ ತೂಕದಲ್ಲಿದೆ. ಬೇಕಂತ್ಲೇ ಮೋಸ ಅಂತ ನಾನು ಹೇಳ್ತಿಲ್ಲ, ಕೊಕ್ಕೆ ತಕ್ಕಡಿಯಲ್ಲಿ ತೂಗಿ ಗ್ರಾಂ ಬಿಟ್ಟುಬಿಡೋ ರೂಢಿ ಎಷ್ಟೋ ಕಡೆ ಇದೆ. 4 ಕೆಜಿ 400 ಗ್ರಾಂ ಇದ್ದದ್ದನ್ನ 4 ಅಂತ ಹಿಡಿದು 15ರ ಲೆಕ್ಕದಲ್ಲಿ 60 ರೂಪಾಯಿ ಕೊಟ್ರೆ ಗಿರಾಕಿಗೆ ನಿಜವಾಗಿ ಸಿಕ್ಕಿದ್ದು ಕೆಜಿಗೆ 13.64. ನೀವು 13ರ ಲೆಕ್ಕದಲ್ಲಿ ಗ್ರಾಂ ಸಮೇತ ತೂಗಿದ್ರೆ 57 ರೂಪಾಯಿ 20 ಪೈಸೆ. ಬೋರ್ಡ್ ಮೇಲೆ 2 ರೂಪಾಯಿ ವ್ಯತ್ಯಾಸ, ಕೈಗೆ ಬರೋದ್ರಲ್ಲಿ 2 ರೂಪಾಯಿ 80 ಪೈಸೆ ಅಷ್ಟೇ, ಅದೂ 4 ಕೆಜಿಗೂ ಮೇಲಿರೋ ಇಡೀ ಕಟ್ಟಿಗೆ. ಹಾಗಾಗಿ ರೇಟ್ ಏರಿಸ್ಬೇಡಿ. ಎಲೆಕ್ಟ್ರಾನಿಕ್ ಕಾಟಾಗೆ ತೂಕ ಅಳತೆ ಇಲಾಖೆಯ ಸೀಲ್ ಹಾಕಿಸಿ, ಡಿಸ್‌ಪ್ಲೇ ಗಿರಾಕಿ ಕಡೆ ತಿರುಗಿಸಿ, ಪಕ್ಕದಲ್ಲೇ ತೂಕ ಗೊತ್ತಿರೋ ಕಲ್ಲು ಒಂದಿಟ್ಟಿರಿ, ಅನುಮಾನ ಬಂದವ್ರು ಅವ್ರೇ ಇಟ್ಟು ನೋಡ್ಕೊಳ್ಳಲಿ. ಮನೆಯವ್ರು ಒಂದ್ಸಲ ಇದನ್ನ ನೋಡಿದ್ರೆ 1 ರೂಪಾಯಿ ಕಮ್ಮಿ ಆದ್ರೂ ನಿಮ್ಮ ಹತ್ರನೇ ಬರ್ತಾರೆ, ಇದನ್ನ ನಾನು ಕಣ್ಣಾರೆ ನೋಡಿದ್ದೀನಿ.

ಇನ್ನು ಸೋರಿಕೆ. ನೀವು 700 ಕೆಜಿ ಕೊಂಡ್ರಿ, ಗೋಡೌನ್ ಚೀಟಿಯಲ್ಲಿ 700 ಬರುತ್ತಾ? ಬರಲ್ಲ. ಪೇಪರ್‌ನಲ್ಲಿ ತೇವ, ಧೂಳು, ಮಧ್ಯೆ ಸೇರಿರೋ ಬೇರೆ ಕಾಗದ ಎಲ್ಲಾ ಸೇರಿ ಒಣಗಾಲದಲ್ಲೂ ನೂರಕ್ಕೆ ಮೂರು ಹೋಗುತ್ತೆ ಅಂತ ಹಿಡೀರಿ, ಆ 21 ಕೆಜಿಗೆ 357 ರೂಪಾಯಿ, ಅಂದ್ರೆ ಮೇಲೆ ಕಂಡ 600 ರೂಪಾಯಿ ಲಾಭದಲ್ಲಿ ಅರ್ಧಕ್ಕಿಂತ ಜಾಸ್ತಿ ಮಾಯ. ಮಳೆಗಾಲದಲ್ಲಿ ಇನ್ನೂ ಕಷ್ಟ. ನೂರು ಕೆಜಿ ಒಣ ಪೇಪರ್ ತೇವ ಕುಡಿದು 112 ಆಗಿದ್ರೆ ನೀವು ಕೊಡೋದು 1456, ಗೋಡೌನ್‌ನವ್ರು ತೇವ ಕಳೆದು ನೂರಕ್ಕೇ ದುಡ್ಡು ಕೊಟ್ರೆ ಬರೋದು 1700, ಮಧ್ಯೆ ಉಳಿದ 244ರಲ್ಲಿ ಗಾಡಿ ಖರ್ಚೂ ಹುಟ್ಟಲ್ಲ. ಮಿಲ್‌ನವ್ರು ತೇವ ಅಳೆದೇ ತಗೊಳ್ಳೋದು, ಹಂಗಾಗಿ ಗೋಡೌನ್‌ನವ್ರು ನಿಮ್ಮಿಂದ ಕಳೀತಾರೆ, ನೀವು ನಿಮ್ಮ ಗಿರಾಕಿಯಿಂದ ಕಳೀದಿದ್ರೆ ಆ ನೀರಿನ ದುಡ್ಡು ನಿಮ್ಮ ತಲೆ ಮೇಲೇ. ಮೀಟರ್ ಇಲ್ದೆನೇ ಗೊತ್ತು ಮಾಡ್ಕೊಬಹುದು: ಕಟ್ಟು ಬಿಚ್ಚಿ ನಟ್ಟನಡುವೆ ಅಂಗೈ ಒಳಗೆ ಹಾಕಿ, ತಣ್ಣಗೆ ಮೆತ್ತಗೆ ಅನ್ಸಿದ್ರೆ ತೇವ ಇದೆ, ಒಂದು ಹಾಳೆ ಎಳೆದು ಮುರುಟಿದ್ರೆ ಒಣ ಪೇಪರ್ ಸರಸರ ಅನ್ನುತ್ತೆ, ತೇವದ್ದು ಸದ್ದೇ ಮಾಡಲ್ಲ. ಹೊರಗಿನ ಹಾಳೆ ಮುಟ್ಟಿ ನೋಡಿ ಏನೂ ಪ್ರಯೋಜನ ಇಲ್ಲ, ಅದು ಮೊದಲು ಒಣಗುತ್ತೆ. ಬಾಟ್ಲಿಯಲ್ಲಿ ಉಳಿದ ನೀರು, ಕಬ್ಬಿಣಕ್ಕೆ ಅಂಟ್ಕೊಂಡಿರೋ ಸಿಮೆಂಟು, ಇವೂ ಇದೇ ಲೆಕ್ಕ, ಕೊಳ್ಳೋವಾಗ ತೂಕಕ್ಕೆ ಸೇರುತ್ತೆ ಮಾರೋವಾಗ ಕಳೀತಾರೆ.

ಹಗುರ ಮಾಲಿಗೆ ತೂಕದ ಇನ್ನೊಂದು ಏಟಿದೆ. ಲಾರಿ ತೂಗೋ ದೊಡ್ಡ ವೇಬ್ರಿಡ್ಜ್‌ಗಳು ಸಾಮಾನ್ಯವಾಗಿ 5 ಕೆಜಿ ಇಲ್ಲಾ 10 ಕೆಜಿ ಹೆಜ್ಜೆಯಲ್ಲಿ ತೂಕ ತೋರಿಸ್ತವೆ. ಕಬ್ಬಿಣದ ಲೋಡ್‌ಗೆ 10 ಕೆಜಿ ಆಚೆ ಈಚೆ ಆದ್ರೆ ಲೆಕ್ಕಕ್ಕೇ ಬರಲ್ಲ, 130 ಕೆಜಿ ಬಾಟ್ಲಿಯಲ್ಲಿ 10 ಕೆಜಿ ಹೋದ್ರೆ 260 ರೂಪಾಯಿ ಹೋಯ್ತು. ಬಾಟ್ಲಿನ ಚೀಲ ಚೀಲವಾಗಿ ಪ್ಲಾಟ್‌ಫಾರ್ಮ್ ಕಾಟಾ ಮೇಲೇ ತೂಗಿಸಿ, ಇಳಿಸೋಕೆ ಮುಂಚೆನೇ ಇದನ್ನ ಮಾತಾಡ್ಕೊಳಿ, ಇಳಿಸಿದ್ಮೇಲೆ ವಾಪಸ್ ತರೋಕಾಗಲ್ಲ ಅಂತ ಅವ್ರಿಗೂ ಗೊತ್ತಿರುತ್ತೆ.

ಹಾಗಾದ್ರೆ ಏನು ಮಾಡ್ಬಹುದು. ಮೊದಲನೇದು ಬಾಟ್ಲಿನ ಒಂಟಿಯಾಗಿ ಕಳಿಸೋದನ್ನ ಇವತ್ತಿಂದ್ಲೇ ನಿಲ್ಸಿ. ತುಳಿದು ಕಳಿಸಿದ್ರೆ ಸಾಕಾ ಅಂದ್ರೆ ಅದೂ ಸಾಲಲ್ಲ, ಮುಚ್ಚಳ ತೆಗೆದು ತುಳಿದು ಮತ್ತೆ ಮುಚ್ಚಿದ್ರೆ ಏಸ್‌ನಲ್ಲಿ 250 ಕೆಜಿ ಹಿಡಿಸ್ಬಹುದು, ಆದ್ರೂ 6500 ಬಂದು 7200 ಖರ್ಚು, 700 ಲಾಸೇ. ದಾರಿ ಇರೋದು ಸೇರಿಸಿ ಕಳಿಸೋದ್ರಲ್ಲಿ. ಗಾಡಿಗೆ ಎರಡು ಮಿತಿ ಇವೆ, ಒಂದು ತೂಕ ಇನ್ನೊಂದು ಜಾಗ. ಕಬ್ಬಿಣ ಹಾಕಿದ್ರೆ ತೂಕ ಮುಗಿದು ಜಾಗ ದಂಡಿಯಾಗಿ ಉಳಿಯುತ್ತೆ, ಬಾಟ್ಲಿ ಹಾಕಿದ್ರೆ ಜಾಗ ಮುಗಿದು ತೂಕ ಉಳಿಯುತ್ತೆ, ಎರಡನ್ನೂ ಒಂದೇ ಗಾಡಿಗೆ ಹಾಕಿದ್ರೆ ಎರಡೂ ತುಂಬುತ್ತೆ. ಕೆಳಗೆ 550 ಕೆಜಿ ಕಬ್ಬಿಣ, ಮೇಲೆ ತುಳಿದ ಬಾಟ್ಲಿ ಚೀಲ 150 ಕೆಜಿ. ಕಬ್ಬಿಣ ಬಾಟ್ಲಿ ಬೇರೆ ಬೇರೆ ಗೋಡೌನ್‌ಗೆ ಹೋಗೋದಾದ್ರೆ ಎರಡು ಕಡೆ ಇಳಿಸ್ಬೇಕಾಗುತ್ತೆ, ಅದಕ್ಕೆ 200 ಜಾಸ್ತಿ ಇಡಿ, ಒಟ್ಟು ಖರ್ಚು 2400. ನಿಮ್ಮ ಈಗಿನ ರೇಟಲ್ಲೇ ಕಬ್ಬಿಣದಿಂದ 2750 ಬಾಟ್ಲಿಯಿಂದ 900, ಖರ್ಚು ಕಳೆದು 1250 ಉಳೀತು, ಸೋರಿಕೆ ಹಿಡಿದಿಲ್ಲ. ಬರೀ ಕಬ್ಬಿಣ ಕಳಿಸಿದ್ರೆ 1300 ಬರ್ತಿತ್ತು, ಅದಕ್ಕಿಂತ 50 ಕಮ್ಮಿ ನಿಜ, ಆದ್ರೆ ಬಾಟ್ಲಿಗೆ ಅಂತ ಬೇರೆ ಗಾಡಿ ಮಾಡಿ ಕಳ್ಕೊಂತಿದ್ದ 1420 ಪೂರ್ತಿ ನಿಂತುಹೋಯ್ತು.

ಇದ್ರಲ್ಲಿ ತೊಂದ್ರೆ ಇಲ್ವಾ ಅಂದ್ರೆ ಇದೆ. ಕಬ್ಬಿಣ ಸೇರೋವರೆಗೆ ಬಾಟ್ಲಿ ಚೀಲ ಅಂಗಡಿಯಲ್ಲಿ ಕೂತಿರುತ್ತೆ, ಜಾಗ ತಿನ್ನುತ್ತೆ, ಬೆಂಕಿ ಭಯನೂ ಇದೆ, ಸ್ವಿಚ್ ಬೋರ್ಡ್ ಹತ್ರ ಮಾತ್ರ ಇಡ್ಬೇಡಿ. ಚೂಪು ಕಬ್ಬಿಣ ಚೀಲ ಹರಿಯುತ್ತೆ, ಮಧ್ಯೆ ಹಳೇ ಟಾರ್ಪಾಲು ಹಾಸಿ. ಮೇಲೆ ಎತ್ತರಕ್ಕೆ ಪೇರಿಸಿದ್ರೆ ಗಾಳಿಗೆ ಹಾರೋದು, ಪೊಲೀಸ್ನವ್ರು ಹಿಡಿಯೋದು ಎರಡೂ ಇದೆ, ಬಲೆ ಬಿಗಿದು ಕಟ್ಟಿ. ದುಡ್ಡು ಉಳಿಸೋಕೆ ಮೂರು ಚಕ್ರದ ಗೂಡ್ಸ್ ಗಾಡಿ ಮಾಡ್ತೀವಿ ಅನ್ನೋರಿಗೂ ಒಂದು ಮಾತು, 2023ರ ಆಗಸ್ಟ್‌ನಿಂದ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ರಸ್ತೆಯ ಮುಖ್ಯ ದಾರಿಗೆ ಆಟೋ ಬೈಕು ಬಿಡಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗ್ಬೇಕು, ಟೈಮ್ ಜಾಸ್ತಿ ಹಿಡಿಯುತ್ತೆ ಅಂತ ಗಾಡಿಯವ್ರು ಬಾಡಿಗೆನೂ ಅಷ್ಟೇನು ಕಮ್ಮಿ ಮಾಡಲ್ಲ. ಇನ್ನೊಂದು, ಎರಡು ಕಡೆ ಇಳಿಸೋ ತಲೆನೋವು ಬೇಡ ಅಂತ ಒಬ್ರೇ ಎಲ್ಲಾ ತಗೋತೀವಿ ಅಂದ್ರೆ ಒಪ್ಕೊಳ್ಳೋ ಮುಂಚೆ ಲೆಕ್ಕ ಹಾಕಿ, 150 ಕೆಜಿ ಬಾಟ್ಲಿಗೆ ಕೆಜಿಗೆ 1 ರೂಪಾಯಿ 33 ಪೈಸೆಗಿಂತ ಜಾಸ್ತಿ ರೇಟ್ ಕಡಿಮೆ ಮಾಡಿದ್ರೆ ಆ 200 ಕೊಟ್ಟು ಎರಡನೇ ಕಡೆ ಹೋಗೋದೇ ವಾಸಿ.

ರಟ್ಟಿಗೆ ನನ್ನ ಸಲಹೆ ಬೇರೆ. ಮೈಸೂರಿನ 11 ರೂಪಾಯಿಯಲ್ಲಿ 6.29 ಗಾಡಿಗೆ ಹೋದ್ರೆ ನಿಮ್ಮ ಅಂಗಡಿ ಬಾಗಿಲಲ್ಲಿ ಅದರ ಬೆಲೆ 4.71 ಅಷ್ಟೇ. ಮಂಡ್ಯದಲ್ಲೇ ಬೇಲಿಂಗ್ ಪ್ರೆಸ್ ಇಟ್ಟಿರೋ ದೊಡ್ಡ ವ್ಯಾಪಾರಿ ತಮ್ಮ ಗಾಡಿ ತಂದು 8.50ಕ್ಕೆ ಎತ್ಕೊಂಡು ಹೋಗ್ತೀವಿ ಅಂದ್ರೆ ಕೊಟ್ಟುಬಿಡಿ, 11 ಬಿಟ್ಟು 8.50ಕ್ಕೆ ಯಾಕೆ ಕೊಡ್ಲಿ ಅಂತ ಮನಸ್ಸು ಹಿಂಜರಿಯುತ್ತೆ, ನನಗೆ ಗೊತ್ತು, ಆದ್ರೆ ಕೆಜಿಗೆ 3 ರೂಪಾಯಿ 79 ಪೈಸೆ ನಿಮಗೇ ಜಾಸ್ತಿ. ಅವ್ರು ಪ್ರೆಸ್ ಮಾಡಿ ಗಟ್ಟಿ ಬೇಲ್ ಕಟ್ತಾರೆ, ಅವ್ರ ಗಾಡಿಗೆ ತೂಕ ತುಂಬುತ್ತೆ, ಅದಕ್ಕೇ ಅವ್ರಿಗೆ ಗಿಟ್ಟೋದು. ನಾವೇ ಪ್ರೆಸ್ ಹಾಕ್ಸೋಣ ಅಂತ ಅನ್ಸಿದ್ರೆ ಮೊದಲು ತಿಂಗಳಿಗೆ ಎಷ್ಟು ರಟ್ಟು ಬರುತ್ತೆ ನೋಡಿ. ಬೇಲ್ ಕಟ್ಟಿದ್ರೆ ಸಾಗಣೆ 6.29ರಿಂದ 3.14ಕ್ಕೆ ಇಳಿಯುತ್ತೆ, 350 ಕೆಜಿಗೆ ಉಳಿತಾಯ 1100 ರೂಪಾಯಿ ಅಷ್ಟೇ, ಅದ್ರಲ್ಲಿ ಮಿಷನ್ ಕಂತು ಕರೆಂಟು ಕೂಲಿ ಯಾವುದೂ ಏಳಲ್ಲ. ತಿಂಗಳಿಗೆ ಒಂದೂವರೆ ಟನ್ ದಾಟಿದ್ರೆ 4700 ಉಳಿಯುತ್ತೆ, ಆಗ ಯೋಚ್ನೆ ಮಾಡ್ಬಹುದು. ಸಾಲ ಮಾಡಿ ಮೊದಲು ಮಿಷನ್ ತಂದು ಆಮೇಲೆ ಮಾಲು ಹುಡ್ಕೋಕೆ ಹೋಗ್ಬೇಡಿ.

ಬೆಂಗಳೂರು ಕಡೆ ಕಳಿಸಿದ್ರೆ ಹೇಗೆ ಅಂತ ಕೆಲವ್ರು ಕೇಳ್ತಾರೆ. ಮೈಸೂರು ರಸ್ತೆಯ ನಾಯಂಡಹಳ್ಳಿಯಲ್ಲಿ ಪ್ಲಾಸ್ಟಿಕ್ ವಿಂಗಡಿಸಿ ಪುಡಿ ಮಾಡೋರು ತುಂಬಾ ಇದ್ದಾರೆ, ರೇಟ್ ಒಂದೆರಡು ರೂಪಾಯಿ ಜಾಸ್ತಿ ಸಿಗ್ಬಹುದು, ಆದ್ರೆ ಮಂಡ್ಯದಿಂದ ಮೈಸೂರಿಗಿಂತ ಎರಡರಷ್ಟು ದೂರ. ಬಾಡಿಗೆ 1500 ಜಾಸ್ತಿ ಆಯ್ತು ಅಂತಿಟ್ಕೊಳಿ, 250 ಕೆಜಿ ಬಾಟ್ಲಿಗೆ ಅದೊಂದೇ ಕೆಜಿಗೆ 6 ರೂಪಾಯಿ. ಏಸ್ ಲೋಡಿಗೆ ಆ ಮಾತೇ ಬೇಡ.

ತಾಮ್ರ ಹಿತ್ತಾಳೆ ಬಗ್ಗೆ ನೀವು ಕೇಳಿಲ್ಲ, ಆದ್ರೂ ಎರಡು ಮಾತು. ಅವಕ್ಕೆ ಸಾಗಣೆ ಲೆಕ್ಕನೇ ಬೇಡ, ಇಪ್ಪತ್ತು ಕೆಜಿ ತಾಮ್ರ ಯಾವ ಲೋಡಿನ ಮೂಲೆಯಲ್ಲಾದ್ರೂ ಹೋಗುತ್ತೆ. ಅಲ್ಲಿ ದುಡ್ಡು ಹೋಗೋದು ಎರಡು ಕಡೆ. ವೈರ್ ಸುಟ್ಟು ತೆಗೆದ ತಾಮ್ರ ಕಪ್ಪಾಗಿ ರೇಟ್ ಇಳಿಯುತ್ತೆ, ಹೊಗೆ ಬೇರೆ ವಿಷ, ಹಂಗಾಗಿ ಸಿಪ್ಪೆ ಸುಲಿದದ್ದನ್ನೇ ತಗೊಳಿ. ಅದಕ್ಕಿಂತ ಮುಖ್ಯ, ಗದ್ದೆ ಪಂಪ್‌ಸೆಟ್ ಕೇಬಲ್ ಕದ್ದು ತಂದು ಮಾರೋರಿದ್ದಾರೆ, ಗೊತ್ತಿದ್ದೂ ಕೊಂಡ್ರೆ ಕಳ್ಳಮಾಲು ಇಟ್ಕೊಂಡ ಕೇಸ್ ನಿಮ್ಮ ಮೇಲೆ, ಗೊತ್ತಿರಲಿಲ್ಲ ಅಂತ ಹೇಳೋಕೂ ಕೈಲಿ ದಾಖಲೆ ಬೇಕು. ಮಾರೋಕೆ ಬಂದವ್ರ ಹೆಸ್ರು ಫೋನ್ ನಂಬರ್ ಪುಸ್ತಕದಲ್ಲಿ ಬರೆದು ಗುರುತಿನ ಚೀಟಿ ನೋಡದೆ ತಾಮ್ರ ಮುಟ್ಬೇಡಿ. ಕಬ್ಬಿಣ, ತಾಮ್ರ ಎರಡಕ್ಕೂ ಸೇರಿ ಇನ್ನೊಂದು: ನಿಮಗೆ ಜಿಎಸ್‌ಟಿ ನೋಂದಣಿ ಇಲ್ಲ, ಗೋಡೌನ್‌ಗೆ ಇದೆ ಅಂದ್ರೆ 2024ರ ಅಕ್ಟೋಬರ್ 10ರಿಂದ ಲೋಹದ ಗುಜರಿಗೆ ರಿವರ್ಸ್ ಚಾರ್ಜ್ ಮೇಲೆ ತೆರಿಗೆ ಕಟ್ಟಬೇಕಾದವ್ರು ಅವ್ರೇ. ಅದನ್ನ ತೋರಿಸಿ ನಿಮ್ಮ ರೇಟ್ ಕಡಿದ್ರೆ ಕೇಳಿ, ಕಟ್ಟಿದ ತೆರಿಗೆಗೆ ಅವ್ರು ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ತಗೊಂತಾರೆ, ಅಂದ್ರೆ ಮಾಲು ಮಾರೋವಾಗ ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನ ಕಳ್ಕೊಂತಾರೆ.

ಈಗ ಬೋರ್ಡ್ ಮೇಲೆ ಏನು ಬರೀಬೇಕು. ಮಾರೋ ರೇಟಿಂದ ಮೊದಲು ಸೋರಿಕೆ ಕಳೀರಿ, ಆಮೇಲೆ ಆ ಮಾಲಿನ ನಿಜವಾದ ಸಾಗಣೆ, ಆಮೇಲೆ ಅಂಗಡಿ ಖರ್ಚು, ಉಳಿದದ್ರೊಳಗೆ ನಿಮ್ಮ ಲಾಭ ಇಟ್ಕೊಂಡು ಕೊಳ್ಳೋ ರೇಟ್ ಕಟ್ಟಿ. ಅಂಗಡಿ ಖರ್ಚು ಕೆಜಿಗೆ 1 ರೂಪಾಯಿ ಅಂತ ಹಿಡಿದಿದ್ದೀನಿ, ನಿಮ್ಮದು ಬೇರೆ ಇದ್ರೆ ತಿದ್ಕೊಳಿ. ಪೇಪರ್ 17ರಲ್ಲಿ ಸೋರಿಕೆ ಹೋಗಿ 16.49, ಗಾಡಿ ಹೋಗಿ 13.35, ಅಂಗಡಿ ಖರ್ಚು ಹೋಗಿ 12.35, ಅಂದ್ರೆ ಈಗಿನ 13ರಲ್ಲಿ ನೀವು ಪೇಪರ್‌ನಲ್ಲೂ ಕೈಯಿಂದ ಹಾಕ್ತಿದ್ದೀರಿ, 12ಕ್ಕಿಂತ ಮೇಲೆ ಹೋಗ್ಬೇಡಿ. ಕಬ್ಬಿಣದಲ್ಲಿ ಸೋರಿಕೆ ನೂರಕ್ಕೆ ಎರಡು ಹಿಡಿದ್ರೆ 29.40, ಗಾಡಿ ಮತ್ತೆ ಅಂಗಡಿ ಖರ್ಚು ಹೋಗಿ 25.26, ಹಂಗಾಗಿ 24. ಬಾಟ್ಲಿ ಕಬ್ಬಿಣದ ಜೊತೆ ಹೋಗೋವಾಗ ಕಬ್ಬಿಣ ತನ್ನ ಪಾಲಿನ 3.14 ಹೊತ್ಕೊಳ್ಳಲಿ, 2400ರಲ್ಲಿ ಮಿಕ್ಕ 673 ರೂಪಾಯಿ 150 ಕೆಜಿ ಬಾಟ್ಲಿ ಮೇಲೆ ಬಿದ್ರೆ ಕೆಜಿಗೆ 4.49. ನೀರು ಕಸ ಅಂತ ನೂರಕ್ಕೆ ಐದು ಕಳೆದ್ರೆ 26 ಅನ್ನೋದು 24.70, ಸಾಗಣೆ ಹೋಗಿ 20.21, ಅಂಗಡಿ ಖರ್ಚು 1, ತುಳಿಯೋ ಕೂಲಿ 1, ಉಳಿದದ್ದು 18.21, ಅದಕ್ಕೆ 16 ಅಂತ ಬರೀರಿ. ರಟ್ಟು ಬಾಗಿಲಲ್ಲೇ 8.50ಕ್ಕೆ ಹೋದ್ರೆ 6.50ಕ್ಕೆ ಕೊಳ್ಳಬಹುದು, ಬಾಗಿಲಿಗೆ ಬಂದು ಎತ್ತೋರು ಸಿಗೋವರೆಗೆ ರಟ್ಟು ತಗೊಳ್ಳೋದನ್ನೇ ಕಮ್ಮಿ ಮಾಡಿ.

ಗೋಡೌನ್ ರೇಟ್ ವಾರ ವಾರ ಬದಲಾಗುತ್ತೆ, ಹಂಗಾಗಿ ಲೋಡ್ ಮಾಡೋ ಹಿಂದಿನ ಸಂಜೆ ಫೋನ್ ಮಾಡಿ ಅವತ್ತಿನ ರೇಟು, ತೇವ ಎಷ್ಟು ಕಳೀತಾರೆ, ಯಾವ ಕಾಟಾ, ದುಡ್ಡು ಯಾವಾಗ, ಈ ನಾಲ್ಕನ್ನೂ ಕೇಳಿ ಬರ್ಕೊಂಡೇ ಗಾಡಿಗೆ ಹೇಳಿ.